ಡಿಪಿಎಫ್ ಇರುವ ಡೀಸೆಲ್ ಕಾರಿಗೆ ಕಡಿಮೆ ಬೂದಿಯ ಎಂಜಿನ್ ಆಯಿಲ್ ಏಕೆ, ಡಬ್ಬಿಯ ಲೇಬಲ್ ಓದುವುದು ಹೇಗೆ

ನಿಮ್ಮ ಡೀಸೆಲ್ ಕಾರು 2020ರ ಏಪ್ರಿಲ್ 1ರ ನಂತರದ ಬಿಎಸ್6 ಮಾದರಿಯದಾಗಿದ್ದರೆ ಅದರ ಹೊಗೆಕೊಳವೆಯ ದಾರಿಯಲ್ಲಿ ಡಿಪಿಎಫ್ ಎಂಬ ಶೋಧಕ ಇದ್ದೇ ಇರುತ್ತದೆ ಎಂದುಕೊಳ್ಳಬಹುದು. ಡೀಸೆಲ್ ಉರಿದಾಗ ಹುಟ್ಟುವ ಕಪ್ಪು ಮಸಿಯನ್ನು ಹಿಡಿದಿಡುವುದು ಅದರ ಕೆಲಸ. ಬೆಂಗಳೂರಿನಲ್ಲಿ ಡಿಪಿಎಫ್ ಮಾತು ಬಂದರೆ ಎಲ್ಲರೂ ಹೇಳುವುದು ಒಂದೇ ಸಲಹೆ: ‘ಆಗಾಗ ಹೈವೇಗೆ ಹೋಗಿ ಓಡಿಸ್ಕೊಂಡು ಬನ್ನಿ, ಕ್ಲೀನ್ ಆಗತ್ತೆ.’ ಮಸಿಯ ಮಟ್ಟಿಗೆ ಈ ಸಲಹೆ ಸರಿ. ಆದರೆ ಶೋಧಕದೊಳಗೆ ಮಸಿಯ ಜೊತೆಗೆ ಇನ್ನೊಂದು ವಸ್ತುವೂ ಸೇರುತ್ತಾ ಹೋಗುತ್ತದೆ. ಅದು ಬೂದಿ. ತುಮಕೂರು ರಸ್ತೆಯಲ್ಲಿ ಎಷ್ಟು ದೂರ ಓಡಿಸಿದರೂ ಅದು ಹೋಗುವುದಿಲ್ಲ. ಅದು ಬರುವುದು ಬಹುಮಟ್ಟಿಗೆ ಎಂಜಿನ್ ಆಯಿಲ್‌ನಿಂದ.

ಹೀಗಾಗಿ ಈ ಬರಹದಲ್ಲಿ ಎರಡೇ ವಿಷಯಗಳಿವೆ: ಆಯಿಲ್‌ನಿಂದ ಬೂದಿ ಹೇಗೆ ಬರುತ್ತದೆ, ಮತ್ತು ಅಂಗಡಿಯಲ್ಲಿ ಡಬ್ಬಿ ಕೈಗೆ ತೆಗೆದುಕೊಂಡಾಗ ಅದು ನಿಮ್ಮ ಕಾರಿಗೆ ಆಗುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ.

ಮಸಿ ಉರಿಯುತ್ತದೆ, ಬೂದಿ ಉಳಿಯುತ್ತದೆ

ಡಿಪಿಎಫ್ ಎಂದರೆ ಸಿಲಿಕಾನ್ ಕಾರ್ಬೈಡ್ ಅಥವಾ ಕಾರ್ಡಿಯರೈಟ್ ಎಂಬ ಸೆರಾಮಿಕ್‌ನಿಂದ ಮಾಡಿದ ಗಟ್ಟಿ. ಅದರ ಉದ್ದಕ್ಕೂ ಸಾವಿರಾರು ಸಣ್ಣ ಕೊಳವೆಗಳು. ಒಂದು ಕೊಳವೆಯ ಹಿಂದಿನ ತುದಿ ಮುಚ್ಚಿದ್ದರೆ ಪಕ್ಕದ ಕೊಳವೆಯ ಮುಂದಿನ ತುದಿ ಮುಚ್ಚಿರುತ್ತದೆ. ಹಾಗಾಗಿ ಒಳಗೆ ಬಂದ ಹೊಗೆಗೆ ನೇರ ದಾರಿ ಇಲ್ಲ. ಕೊಳವೆಯ ಗೋಡೆಯಲ್ಲಿರುವ ಅತಿ ಸೂಕ್ಷ್ಮ ರಂಧ್ರಗಳ ಮೂಲಕ ತೂರಿ ಪಕ್ಕದ ಕೊಳವೆಗೆ ಹೋಗಬೇಕು. ಗಾಳಿ ದಾಟುತ್ತದೆ, ಮಸಿ ಗೋಡೆಯ ಮೇಲೆ ಕೂರುತ್ತದೆ.

ಮಸಿ ಒಂದು ಮಟ್ಟ ಮುಟ್ಟಿದಾಗ ಎಂಜಿನ್‌ನ ಕಂಪ್ಯೂಟರ್ ತಾನೇ ಸ್ವಲ್ಪ ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಹೊಗೆಯ ಬಿಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಮಸಿ ಎಂದರೆ ಹೆಚ್ಚಾಗಿ ಇಂಗಾಲ, ಆದ್ದರಿಂದ ಅದು ಉರಿದು ಅನಿಲವಾಗಿ ಹೊರಟುಹೋಗುತ್ತದೆ. ಇದನ್ನೇ ರೀಜನರೇಶನ್ ಎನ್ನುವುದು. ಬಚ್ಚಲ ಹಂಡೆಯ ಒಲೆಗೆ ಎಷ್ಟು ಸೌದೆ ಹಾಕಿದರೂ ಉರಿದುಹೋಗುತ್ತದೆ, ಬೂದಿಯನ್ನು ಮಾತ್ರ ಕೈಯಾರೆ ತೋಡಬೇಕು. ಇಲ್ಲಿಯೂ ಅಷ್ಟೆ, ತೋಡಲು ಬಾಗಿಲಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಈ ಬೂದಿ ಆಯಿಲ್‌ನೊಳಗೆ ಮೊದಲೇ ಇರುವ ಲೋಹಗಳದ್ದು. ಆಯಿಲ್‌ಗೆ ಕ್ಯಾಲ್ಸಿಯಂ, ಮೆಗ್ನೀಸಿಯಂನ ಸಂಯುಕ್ತಗಳನ್ನು ಡಿಟರ್ಜೆಂಟ್ ಆಗಿ ಬೆರೆಸಿರುತ್ತಾರೆ. ಅವು ಪಿಸ್ಟನ್ನನ್ನು ಶುಚಿಯಾಗಿಡುತ್ತವೆ, ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಕೊಲ್ಲುತ್ತವೆ. ಲೋಹಕ್ಕೆ ಲೋಹ ತಾಗುವಲ್ಲಿ ಸವೆತ ತಡೆಯಲು ಸತು ಮತ್ತು ರಂಜಕ ಸೇರಿದ ಇನ್ನೊಂದು ಸಂಯುಕ್ತವಿರುತ್ತದೆ. ಓಡುವ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್ ದಾಟಿ, ವಾಲ್ವ್ ಸೀಲ್ ಪಕ್ಕದಿಂದ, ಟರ್ಬೊ ಸೀಲ್‌ನಿಂದ ಚೂರುಚೂರು ಆಯಿಲ್ ಉರಿಯುವ ಕಡೆಗೆ ಸೇರುತ್ತಲೇ ಇರುತ್ತದೆ. ಎಣ್ಣೆಯ ಭಾಗ ಉರಿದುಹೋಗುತ್ತದೆ, ಲೋಹ ಸಲ್ಫೇಟ್ ಮತ್ತು ಫಾಸ್ಫೇಟ್ ಪುಡಿಯಾಗಿ ಡಿಪಿಎಫ್ ಸೇರುತ್ತದೆ.

ಒಂದು ಲಕ್ಷ ಕಿಲೋಮೀಟರ್ ದಾಟಿದ ಡಿಪಿಎಫ್ ಅನ್ನು ಉದ್ದಕ್ಕೆ ಕೊಯ್ದು ನೋಡಿದರೆ ವಿಷಯ ಕಣ್ಣಿಗೇ ಕಾಣುತ್ತದೆ. ಮುಂಭಾಗದ ಕೊಳವೆಗಳ ಗೋಡೆಯ ಮೇಲೆ ತೆಳುವಾದ ಪದರವಿರುತ್ತದೆ. ಹಿಂದಿನ ತುದಿಗೆ ಹೋದಂತೆ, ಮುಚ್ಚಿದ ಮೂಲೆಯಲ್ಲಿ, ಬೂದು ಬಣ್ಣದ ನುಣ್ಣನೆ ಪುಡಿ ಗಟ್ಟಿಯಾಗಿ ಒತ್ತಿಕೊಂಡು ಬಿರಡೆಯಂತಾಗಿರುತ್ತದೆ. ಪ್ರತಿ ರೀಜನರೇಶನ್ ಆದ ಮೇಲೂ ಹೊಗೆಯ ರಭಸ ಸ್ವಲ್ಪಸ್ವಲ್ಪ ಬೂದಿಯನ್ನು ಹಿಂದಕ್ಕೆ ತಳ್ಳಿರುತ್ತದೆ. ಬಿರಡೆ ಬೆಳೆದಂತೆ ಶೋಧಕ ಗಿಡ್ಡವಾಗುತ್ತಾ ಹೋಗುತ್ತದೆ. ಮಸಿಗೆ ಉಳಿಯುವ ಜಾಗ ಕಡಿಮೆ, ಆದ್ದರಿಂದ ಅದು ಬೇಗ ತುಂಬುತ್ತದೆ, ರೀಜನರೇಶನ್ ಪದೇ ಪದೇ ಬೇಕಾಗುತ್ತದೆ.

ಹಾಗಾದರೆ ಹಳೆಯ ಆಯಿಲ್‌ಗಳಿಗೆ ಅಷ್ಟೊಂದು ಲೋಹ ಹಾಕುತ್ತಿದ್ದುದೇಕೆ? ಹಳೆಯ ಡೀಸೆಲ್‌ನಲ್ಲಿ ಗಂಧಕ ಜಾಸ್ತಿ ಇತ್ತು. ಗಂಧಕ ಉರಿದರೆ ಆಮ್ಲ, ಆಮ್ಲಕ್ಕೆ ಹೆಚ್ಚು ಡಿಟರ್ಜೆಂಟ್ ಬೇಕಿತ್ತು. ಬಿಎಸ್4 ಡೀಸೆಲ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ ಗರಿಷ್ಠ 50 ಭಾಗ ಗಂಧಕಕ್ಕೆ ಅವಕಾಶವಿತ್ತು, ಬಿಎಸ್6ರಲ್ಲಿ ಅದು 10. ಆಮ್ಲ ಕಡಿಮೆಯಾದ್ದರಿಂದ ಲೋಹವನ್ನೂ ಕಡಿಮೆ ಮಾಡಲು ದಾರಿಯಾಯಿತು. ಕಡಿಮೆ ಬೂದಿಯ ಆಯಿಲ್ ಎಂದರೆ ಏನನ್ನೋ ಕಿತ್ತುಹಾಕಿದ ಬಡ ಆಯಿಲ್ ಎಂದು ಕೆಲವು ಮೆಕ್ಯಾನಿಕ್‌ಗಳು ಇಂದಿಗೂ ನಂಬುತ್ತಾರೆ. ಶುಚಿಯಾದ ಇಂಧನಕ್ಕೆ ಹೊಂದುವಂತೆ ಬೇರೆ ರೀತಿಯಲ್ಲಿ ಮಾಡಿದ ಆಯಿಲ್ ಅದು. ಲೋಹ ಬಿಟ್ಟ ಕಡೆ ಬೂದಿ ಬಿಡದ ಸಂಯುಕ್ತಗಳನ್ನು ಸೇರಿಸಿರುತ್ತಾರೆ, ಸಾಮಾನ್ಯವಾಗಿ ಬೆಲೆಯೂ ಒಂದು ಕೈ ಮೇಲೆಯೇ.

ಎಷ್ಟು ಬೂದಿ?

ಲೆಕ್ಕ ಹಾಕಿ ನೋಡಿದರೆ ಭಯವೂ ಹದವಾಗುತ್ತದೆ, ಉದಾಸೀನವೂ ಹೋಗುತ್ತದೆ. ಆರೋಗ್ಯವಾಗಿರುವ ಎಂಜಿನ್ ಒಂದು 10,000 ಕಿಲೋಮೀಟರಿಗೆ ಅರ್ಧ ಲೀಟರ್ ಆಯಿಲ್ ಉರಿಸುತ್ತದೆ ಎಂದಿಟ್ಟುಕೊಳ್ಳಿ. ಒಂದು ಲಕ್ಷ ಕಿಲೋಮೀಟರಿಗೆ 5 ಲೀಟರ್. ಲೀಟರಿಗೆ ಸುಮಾರು 850 ಗ್ರಾಂ ತೂಕವೆಂದರೆ 4,250 ಗ್ರಾಂ ಆಯಿಲ್. ಅದರಲ್ಲಿ ಬೂದಿಯ ಪ್ರಮಾಣ ಶೇ 1.4 ಇದ್ದರೆ ಸುಮಾರು 60 ಗ್ರಾಂ ಬೂದಿ. ಶೇ 0.8 ಇದ್ದರೆ 34 ಗ್ರಾಂ. ಶೇ 0.5 ಇದ್ದರೆ 21 ಗ್ರಾಂ.

ಗ್ರಾಂನಲ್ಲಿ ಕೇಳಿದರೆ ಏನೂ ಅಲ್ಲ ಎನಿಸುತ್ತದೆ. ಆದರೆ ಈ ಪುಡಿ ತುಂಬಾ ಹಗುರ, ಒತ್ತಿ ಕೂತರೂ ನೀರಿನ ಮೂರನೇ ಒಂದು ಪಾಲಿನ ಆಸುಪಾಸಿನ ಸಾಂದ್ರತೆ. 60 ಗ್ರಾಂ ಎಂದರೆ ಸುಮಾರು 200 ಮಿಲಿಲೀಟರ್ ಜಾಗ. ಸಣ್ಣ ಕಾರಿನ ಡಿಪಿಎಫ್ ಒಟ್ಟು ಎರಡು ಮೂರು ಲೀಟರ್ ಗಾತ್ರದ್ದು. ಅದರಲ್ಲಿ ಗೋಡೆ, ಹೊರಹೋಗುವ ಕೊಳವೆ ಎಲ್ಲ ಕಳೆದರೆ ಮಸಿ ಕೂರಲು ಸಿಗುವುದು ಅರ್ಧಕ್ಕಿಂತ ಕಡಿಮೆ. ಉರಿದ ಆಯಿಲ್‌ನ ಬೂದಿಯೆಲ್ಲ ಶೋಧಕಕ್ಕೇ ಸೇರುವುದಿಲ್ಲ, ಸ್ವಲ್ಪ ಎಂಜಿನ್ನಿನ ಒಳಗೇ ಅಂಟಿಕೊಳ್ಳುತ್ತದೆ. ಅದನ್ನು ಕಳೆದರೂ ಪ್ರಮಾಣ ಮಾತ್ರ ಬದಲಾಗದು: ಅದೇ ಶೋಧಕ ಒಂದು ಆಯಿಲ್‌ನಲ್ಲಿ ಎಷ್ಟು ದೂರ ಬರುತ್ತದೋ, ಇನ್ನೊಂದರಲ್ಲಿ ಅದರ ಅರ್ಧಕ್ಕೆ ಹತ್ತಿರ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇದೆ. ಎಂಜಿನ್ 10,000 ಕಿಲೋಮೀಟರಿಗೆ ಎರಡು ಲೀಟರ್ ಕುಡಿಯುತ್ತಿದ್ದರೆ ಒಳ್ಳೆಯ ಆಯಿಲ್ ಹಾಕಿದರೂ ಲಕ್ಷಕ್ಕೆ 136 ಗ್ರಾಂ ಬೂದಿ. ಆಗ ಆಯಿಲ್ ಬ್ರ್ಯಾಂಡ್ ಹುಡುಕುವುದಕ್ಕಿಂತ ಟರ್ಬೊ ಸೀಲ್ ನೋಡಿಸುವುದು ಮೊದಲ ಕೆಲಸ.

ಮೊದಲ ಹೆಜ್ಜೆ: ಅಂಗಡಿಗೆ ಮುಂಚೆ ಮ್ಯಾನುಯಲ್

ಕಾರಿನ ಗ್ಲೋವ್ ಬಾಕ್ಸ್‌ನಲ್ಲಿರುವ ಮ್ಯಾನುಯಲ್ ತೆಗೆದು ‘ಶಿಫಾರಸು ಮಾಡಿದ ದ್ರವಗಳು’ ಎಂಬರ್ಥದ ಪುಟ ಹುಡುಕಿ. ಪೆಟ್ರೋಲ್ ಮತ್ತು ಡೀಸೆಲ್ ಎರಡಕ್ಕೂ ಒಂದೇ ಪುಸ್ತಕ ಇರುವುದುಂಟು, ಡೀಸೆಲ್ ಸಾಲನ್ನೇ ನೋಡಿ. ಎರಡು ವಿಷಯ ಬರೆದುಕೊಳ್ಳಬೇಕು: ಗ್ರೇಡ್, ಅಂದರೆ 5ಡಬ್ಲ್ಯು-30 ಅಥವಾ 0ಡಬ್ಲ್ಯು-20 ಥರದ್ದು, ಮತ್ತು ಗುಣಮಟ್ಟದ ಗುರುತು, ಅಂದರೆ ಎಸಿಇಎ ಸಿ2, ಸಿ3, ಸಿ5 ಥರದ್ದು ಅಥವಾ ಕಾರು ಕಂಪನಿಯದೇ ಸಂಖ್ಯೆ. ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಗ್ಯಾರೇಜಿನಲ್ಲಿ ವಾದ ಬಂದಾಗ ತೋರಿಸಲು ಆಗುತ್ತದೆ.

ಗ್ರೇಡ್ ಬಗ್ಗೆ ಒಂದು ಮಾತು ಸಾಕು. ಅದು ಆಯಿಲ್ ಎಷ್ಟು ತೆಳು, ಎಷ್ಟು ಮಂದ ಎಂಬುದನ್ನಷ್ಟೇ ಹೇಳುತ್ತದೆ, ಬೂದಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಫುಲ್ಲಿ ಸಿಂಥೆಟಿಕ್’ ಎಂಬ ದೊಡ್ಡಕ್ಷರವೂ ಹಾಗೆಯೇ. ಅದು ಮೂಲ ಎಣ್ಣೆಯ ವಿಷಯ, ಬೂದಿ ಬರುವುದು ಅದಕ್ಕೆ ಬೆರೆಸಿದ್ದರಿಂದ.

ಎರಡನೇ ಹೆಜ್ಜೆ: ಡಬ್ಬಿ ತಿರುಗಿಸಿ ಹಿಂಬದಿ ಓದಿ

ನಮ್ಮ ಪಕ್ಕದ ಮನೆಯವರ ಕಾರಿನ ಸರ್ವಿಸ್ ಉದಾಹರಣೆಗೆ ಇರಲಿ. ವಿಜಯನಗರದಲ್ಲಿ ಮನೆ, 2021ರ ಡೀಸೆಲ್ ಕಾರು, ವಾರಂಟಿ ಮುಗಿದಿದೆ. ಮ್ಯಾನುಯಲ್ ಹೇಳುವುದು 5ಡಬ್ಲ್ಯು-30, ಎಸಿಇಎ ಸಿ3. ಮಾಗಡಿ ರಸ್ತೆಯ ಕಡೆ ಒಂದು ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಎರಡು ಡಬ್ಬಿ ತಂದಿಟ್ಟ. ಒಂದರ ಹಿಂಬದಿ ಹೀಗಿತ್ತು:

```
SAE 5W-30
ACEA A3/B4
API SN/CF
```

ಇನ್ನೊಂದರದ್ದು ಹೀಗೆ:

```
SAE 5W-30
ACEA C3
API SN
MB-Approval 229.51
BMW Longlife-04
```

‘ಎರಡೂ ಐದು ಡಬ್ಲ್ಯು ಮೂವತ್ತೇ ಸಾರ್, ಎರಡೂ ಸಿಂಥೆಟಿಕ್ಕೇ. ಇದು ರೇಟೂ ಕಮ್ಮಿ, ಡೀಸೆಲ್‌ಗೆ ಅಂತಾನೇ ಬರ್ದಿದೆ ನೋಡಿ’ ಎಂದು ಮೊದಲನೆಯದನ್ನೇ ಮುಂದೆ ಮಾಡಿದ. ಅವನು ಸುಳ್ಳು ಹೇಳಲಿಲ್ಲ. ಆ ಆಯಿಲ್ ಡೀಸೆಲ್‌ಗೂ ಆಗುತ್ತದೆ, ಡಿಪಿಎಫ್ ಇಲ್ಲದ ಡೀಸೆಲ್‌ಗೆ.

ಮೊದಲ ಸಾಲು ಎರಡರಲ್ಲೂ ಒಂದೇ, ಅದನ್ನು ಬಿಡಿ. ನೋಡಬೇಕಾದದ್ದು ಎಸಿಇಎ ಸಾಲು. ಇದು ಯುರೋಪಿನ ಕಾರು ತಯಾರಕರ ಸಂಘ ಮಾಡಿದ ವರ್ಗೀಕರಣ. ಎ, ಬಿ ಅಕ್ಷರಗಳ ವರ್ಗ ಎಂದರೆ ಬೂದಿಗೆ ಬಿಗಿ ಮಿತಿ ಇಲ್ಲದ ಆಯಿಲ್. ಎ3/ಬಿ4 ಎಂಬ ವರ್ಗದ 2016ರ ಪಟ್ಟಿಯಲ್ಲಿ ಬೂದಿ ಕನಿಷ್ಠ ಶೇ 1.0 ಇರಲೇಬೇಕು, ಗರಿಷ್ಠ 1.6. ಸಿ ಅಕ್ಷರದ ವರ್ಗ ಮಾತ್ರ ಡಿಪಿಎಫ್ ಮತ್ತು ಕ್ಯಾಟಲಿಸ್ಟ್ ಇರುವ ಕಾರುಗಳಿಗೆಂದೇ ಮಾಡಿದ್ದು. ಅಂಗಡಿಯಲ್ಲಿ ಆತುರವಿದ್ದಾಗ ಇಷ್ಟು ನೆನಪಿದ್ದರೂ ಸಾಕು: ಸಿ ಇದೆಯೇ, ಇಲ್ಲವೇ.

ಆತುರ ಇಲ್ಲದಿದ್ದಾಗ ಸಿ ಪಕ್ಕದ ಅಂಕಿಯನ್ನೂ ನೋಡಬೇಕು. ಸಿ2, ಸಿ3, ಸಿ5 ಮೂರಕ್ಕೂ ಬೂದಿಯ ಮಿತಿ ಶೇ 0.8. ಅವುಗಳ ವ್ಯತ್ಯಾಸ ಇರುವುದು ಬಿಸಿಯಲ್ಲಿ, ಒತ್ತಡದಲ್ಲಿ ಆಯಿಲ್ ಪದರ ಎಷ್ಟು ದಪ್ಪ ಉಳಿಯುತ್ತದೆ ಎಂಬಲ್ಲಿ. ಇದನ್ನು 150 ಡಿಗ್ರಿಯಲ್ಲಿ ಅಳೆಯುತ್ತಾರೆ, ಹೆಸರು ಎಚ್‌ಟಿಎಚ್‌ಎಸ್. ಸಿ3ಕ್ಕೆ ಅದು ಕನಿಷ್ಠ 3.5, ಸಿ2ಕ್ಕೆ ಕನಿಷ್ಠ 2.9, ಸಿ5ಕ್ಕೆ 2.6ರಿಂದ 2.9ರೊಳಗೆ. ಸಿ4ರಲ್ಲಿ ದಪ್ಪ 3.5ಕ್ಕೆ ಕಡಿಮೆಯಿಲ್ಲ, ಬೂದಿ ಶೇ 0.5ಕ್ಕೆ ಹೆಚ್ಚಿಲ್ಲ.

ಇಲ್ಲಿ ಜಾಣರು ಎಡವುವ ಒಂದು ಜಾಗವಿದೆ. ಬೂದಿ ಕಡಿಮೆಯಾದಷ್ಟೂ ಒಳ್ಳೆಯದಲ್ಲವೇ, ಮ್ಯಾನುಯಲ್ ಸಿ3 ಎಂದರೂ ಸಿ4 ಹಾಕೋಣ ಎನಿಸುತ್ತದೆ. ಬೇಡ. ಎಂಜಿನ್ ಮಾಡಿದವರು ಆ ಎಂಜಿನ್ನಿನ ಬಿಸಿ, ಬೇರಿಂಗ್, ಸರ್ವಿಸ್ ಅಂತರ ಎಲ್ಲ ಸೇರಿಸಿ ಪರೀಕ್ಷೆ ಮಾಡಿದ್ದು ಸಿ3ರಲ್ಲಿ. ಡಿಟರ್ಜೆಂಟ್ ಇನ್ನೂ ಕಡಿಮೆಯಾದರೆ ಆಯಿಲ್ ಆಮ್ಲವನ್ನು ತಡೆದುಕೊಳ್ಳುವ ಅವಧಿಯೂ ಕಡಿಮೆಯಾಗಬಹುದು. ಸಿ3 ಕೇಳುವ ಎಂಜಿನ್ನಿಗೆ ಸಿ5 ಹಾಕುವುದು ಇದಕ್ಕಿಂತ ಅಪಾಯ, ಬೂದಿ ಸರಿಯಾಗಿದ್ದರೂ ಪದರ ತೆಳುವಾಗಿ ಬೇರಿಂಗ್ ಸವೆಯುತ್ತದೆ. ಡಿಪಿಎಫ್ ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡಂತಾಗುತ್ತದೆ.

ಎಪಿಐ ಸಾಲಿನ ವಿಷಯ. ಇದು ಅಮೆರಿಕದ ಸಂಸ್ಥೆಯ ಗುರುತು. ಎಸ್‌ಎನ್, ಎಸ್‌ಪಿ ಥರ ಎಸ್‌ನಿಂದ ಶುರುವಾಗುವುದು ಪೆಟ್ರೋಲ್ ಎಂಜಿನ್ನಿನದ್ದು, ಅದರಿಂದ ಆಯಿಲ್ ಡಿಪಿಎಫ್‌ಗೆ ಆಗುತ್ತದೆಂದು ತಿಳಿಯುವುದಿಲ್ಲ. ಮೆಕ್ಯಾನಿಕ್ ತೋರಿಸಿದ ‘ಡೀಸೆಲ್‌ಗೆ ಅಂತಾನೇ’ ಎಂಬ ಗುರುತು ಸಿಎಫ್. ಅದು 1994ರ ವರ್ಗ, ಡಿಪಿಎಫ್ ಕಾರುಗಳು ಬರುವ ಮೊದಲಿನದು. ಸಿಜೆ-4, ಸಿಕೆ-4 ಬೇರೆ ಮಾತು. ಅವು ಡಿಪಿಎಫ್ ಇರುವ ಲಾರಿ, ಬಸ್ಸಿನಂಥ ದೊಡ್ಡ ಡೀಸೆಲ್‌ಗಳಿಗೆ ಮಾಡಿದವು, ಬೂದಿ ಶೇ 1.0 ಮೀರುವಂತಿಲ್ಲ. ನಿಮ್ಮ ಮ್ಯಾನುಯಲ್ಲೇ ಸಿಕೆ-4 ಎಂದು ಹೇಳಿದರೆ ಧಾರಾಳವಾಗಿ ಹಾಕಿ. ಹೇಳದಿದ್ದರೆ ಸಿ3ಕ್ಕೆ ಬದಲಿಯೆಂದು ಹಾಕಬೇಡಿ. ಜಪಾನಿ ಮೂಲದ ಕೆಲವು ಡೀಸೆಲ್‌ಗಳ ಮ್ಯಾನುಯಲ್‌ನಲ್ಲಿ ಜಾಸೊ ಡಿಎಲ್-1 ಎಂದಿರುತ್ತದೆ. ಅದೂ ಕಡಿಮೆ ಬೂದಿಯದೇ, ಮಿತಿ ಶೇ 0.6.

ಮೂರನೇ ಹೆಜ್ಜೆ: ಯಾವ ಸಾಲು ಅನುಮೋದನೆ, ಯಾವುದು ಬರೀ ಮಾತು

ಎರಡನೇ ಡಬ್ಬಿಯ ಕೊನೆಯ ಸಾಲುಗಳು ಬೆಂಜ್, ಬಿಎಂಡಬ್ಲ್ಯು ಕಂಪನಿಗಳ ಗುರುತು. ನಿಮ್ಮದು ಆ ಕಾರಲ್ಲದಿದ್ದರೂ ಈ ಸಾಲುಗಳು ಉಪಯೋಗಕ್ಕೆ ಬರುತ್ತವೆ. ಎಸಿಇಎ ತಾನೇ ಯಾವ ಆಯಿಲ್ ಅನ್ನೂ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದಿಲ್ಲ. ಪರೀಕ್ಷೆ ಮಾಡಿಸಿ, ನಮ್ಮದು ಸಿ3 ಎಂದು ಹೇಳಿಕೊಳ್ಳುವ ಹೊಣೆ ಆಯಿಲ್ ಮಾರುವವರದ್ದು. ಕಾರು ಕಂಪನಿಯ ಅನುಮೋದನೆ ಹಾಗಲ್ಲ, ಅದನ್ನು ಕಂಪನಿಯಿಂದ ಪಡೆಯಬೇಕು. 229.51 ಎಂಬುದು ಕಡಿಮೆ ಬೂದಿಯ ವರ್ಗವೇ. ಹಾಗಾಗಿ ಅಂಥ ಅನುಮೋದನೆ ಇರುವ ಸಿ3 ಡಬ್ಬಿಯ ಮಾತನ್ನು ಬೇರೊಬ್ಬರೂ ಪರಿಶೀಲಿಸಿದ್ದಾರೆ ಎಂದಾಯಿತು.

ಪದಗಳನ್ನು ಮಾತ್ರ ಗಮನಿಸಿ ಓದಿ. ‘ಅಪ್ರೂವಲ್’ ಅಥವಾ ‘ಅಪ್ರೂವ್ಡ್’ ಎಂದಿದ್ದರೆ ಅನುಮೋದನೆ. ‘ಮೀಟ್ಸ್ ದಿ ರಿಕ್ವೈರ್‌ಮೆಂಟ್ಸ್ ಆಫ್’, ‘ಸೂಟಬಲ್ ಫಾರ್ ಯೂಸ್’, ‘ಪರ್ಫಾರ್ಮೆನ್ಸ್ ಲೆವೆಲ್’ ಎಂದಿದ್ದರೆ ಮಾರುವವರ ಸ್ವಂತ ಮಾತು. ಸ್ವಂತ ಮಾತು ಸುಳ್ಳೇ ಆಗಬೇಕಿಲ್ಲ, ಆದರೆ ವಾರಂಟಿ ಇರುವ ಕಾರಿಗೆ, ಮ್ಯಾನುಯಲ್‌ನಲ್ಲಿ ಕಂಪನಿಯ ಸಂಖ್ಯೆಯನ್ನೇ ಕೇಳಿದ್ದರೆ, ನಾನಂತೂ ಅನುಮೋದನೆ ಇರುವುದನ್ನೇ ಆರಿಸುತ್ತೇನೆ.

ಕೆಲವು ಡಬ್ಬಿಗಳ ಮೇಲೆ ಎ3/ಬಿ4 ಮತ್ತು ಸಿ3 ಎರಡೂ ಒಟ್ಟಿಗೆ ಇರುತ್ತವೆ. ಮೇಲಿನ ಮಿತಿಗಳನ್ನು ಮತ್ತೆ ನೋಡಿ: ಒಂದು ಕನಿಷ್ಠ 1.0 ಎನ್ನುತ್ತದೆ, ಇನ್ನೊಂದು ಗರಿಷ್ಠ 0.8. ಎರಡೂ ಒಂದೇ ಎಣ್ಣೆಗೆ ಕೂಡುವುದಿಲ್ಲ. ಹಳೆಯ ಪಟ್ಟಿಯ ಪ್ರಕಾರ ಬರೆದ ಲೇಬಲ್ ಇರಬಹುದು, ಅಸಡ್ಡೆಯೂ ಇರಬಹುದು. ಅಂಥ ಡಬ್ಬಿ ಕಂಡರೆ ಮುಂದಿನ ಹೆಜ್ಜೆ ಬಿಡಬೇಡಿ. ಮುಂಬದಿಯಲ್ಲಿ ‘ಡಿಪಿಎಫ್’ ಎಂದು ಹೊಳೆಯುವ ಸ್ಟಿಕ್ಕರ್ ಇದ್ದು ಹಿಂಬದಿಯಲ್ಲಿ ಯಾವ ಸಿ ವರ್ಗವೂ ಇಲ್ಲದಿದ್ದರೂ ಅಷ್ಟೆ.

ನಾಲ್ಕನೇ ಹೆಜ್ಜೆ: ಡೇಟಾ ಶೀಟ್‌ನಲ್ಲಿ ಒಂದು ಸಾಲು

ಬೂದಿಯ ನಿಜವಾದ ಅಂಕಿ ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಆಯಿಲ್ ಕಂಪನಿಯ ಜಾಲತಾಣದಲ್ಲಿ ಆ ಆಯಿಲ್‌ನ ಪೂರ್ತಿ ಹೆಸರು ಹಾಕಿ, ಜೊತೆಗೆ `TDS` ಅಥವಾ `PDS` ಎಂದು ಟೈಪ್ ಮಾಡಿದರೆ ಒಂದೆರಡು ಪುಟದ ಪಿಡಿಎಫ್ ಸಿಗುತ್ತದೆ. ಅದರಲ್ಲಿ ಹೀಗಿರುವ ಸಾಲುಗಳನ್ನು ಹುಡುಕಿ:

```
Sulfated Ash, mass %       ASTM D874    0.78
TBN, mg KOH/g              ASTM D2896   7.5
HTHS @150°C, mPa.s         ASTM D4683   3.5
```

ಮೊದಲ ಸಾಲೇ ನಮಗೆ ಬೇಕಾದದ್ದು. ಆಯಿಲ್ ಮಾದರಿಯನ್ನು ಸುಟ್ಟು, ಗಂಧಕಾಮ್ಲ ಸೇರಿಸಿ ಮತ್ತೆ ಕಾಯಿಸಿ, ಉಳಿದದ್ದನ್ನು ತೂಗಿ ಪಡೆದ ಅಂಕಿ ಅದು. 0.8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿ3ರ ಮಾತು ನಿಜ. 1.2, 1.4 ಎಂದಿದ್ದರೆ ಲೇಬಲ್ ಏನೇ ಹೇಳಲಿ, ಡಬ್ಬಿ ವಾಪಸ್ ಇಡಿ. ಕೆಲವರು `Sulphated` ಎಂದು ಬರೆಯುತ್ತಾರೆ, ಆದ್ದರಿಂದ ಪಿಡಿಎಫ್‌ನೊಳಗೆ `Ash` ಎಂದಷ್ಟೇ ಹುಡುಕುವುದು ವಾಸಿ.

ಎರಡನೇ ಸಾಲು ಆಮ್ಲ ಕೊಲ್ಲುವ ಶಕ್ತಿ. ಎ3/ಬಿ4 ಆಯಿಲ್‌ನಲ್ಲಿ ಅದು 10ಕ್ಕೆ ಕಡಿಮೆ ಇರುವಂತಿಲ್ಲ, ಸಿ ವರ್ಗದಲ್ಲಿ 6, 7ರ ಆಸುಪಾಸು ಸಹಜ. ‘ಟಿಬಿಎನ್ ಜಾಸ್ತಿ ಇದ್ದರೆ ಆಯಿಲ್ ಸ್ಟ್ರಾಂಗ್’ ಎಂದು ಯಾರಾದರೂ ಹೇಳಿದರೆ, ಆ ಶಕ್ತಿ ಬರುವುದು ಬಹುಪಾಲು ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಎಂಬುದು ನೆನಪಿರಲಿ.

ಶೀಟ್ ಭಾರತದಲ್ಲಿ ಮಾರುವ ಆಯಿಲ್‌ನದ್ದೇ ಎಂದು ಖಚಿತ ಮಾಡಿಕೊಳ್ಳಿ. ಒಂದೇ ಹೆಸರಿನ ಆಯಿಲ್ ಬೇರೆ ದೇಶದಲ್ಲಿ ಬೇರೆ ಬೆರಕೆಯಲ್ಲಿ ಇರುವುದುಂಟು. ಹೆಸರಿನ ಬಾಲದಲ್ಲಿರುವ ಒಂದೆರಡು ಅಕ್ಷರ ಬದಲಾದರೂ ಸಾಕು, ಎ3/ಬಿ4 ಇದ್ದದ್ದು ಸಿ3 ಆಗಿರುತ್ತದೆ.

ಐದನೇ ಹೆಜ್ಜೆ: ಎಂಜಿನ್ನಿಗೆ ಸುರಿಯುವ ತನಕ

ಸರಿಯಾದ ಆಯಿಲ್ ಆರಿಸಿದ ಮೇಲೆ ಕೆಲಸ ಕೆಡುವುದು ಸಾಮಾನ್ಯವಾಗಿ ಗ್ಯಾರೇಜಿನಲ್ಲಿ. ಕೆಲವು ಕಡೆ ದೊಡ್ಡ ಡ್ರಮ್ಮಿನಿಂದ ಪಂಪ್ ಮಾಡಿ ಹಾಕುತ್ತಾರೆ. ಡ್ರಮ್ಮಿನ ಆಯಿಲ್ ಕೆಟ್ಟದ್ದೆಂದಲ್ಲ, ಆದರೆ ಅದರ ಲೇಬಲ್ ಕೂಡ ಓದಲೇಬೇಕು. ಓದಲು ಬಿಡದಿದ್ದರೆ ಸೀಲ್ ಇರುವ ಡಬ್ಬಿ ಕೇಳಿ. ಜೆ.ಸಿ. ರಸ್ತೆಯಿಂದಲೋ ಆನ್‌ಲೈನಿನಿಂದಲೋ ನೀವೇ ತಂದಿದ್ದರೆ, ನಿಮ್ಮೆದುರೇ ಸೀಲ್ ಒಡೆದು ಸುರಿಯಲಿ. ಬಿಲ್‌ನಲ್ಲಿ ‘5ಡಬ್ಲ್ಯು-30 ಸಿಂಥೆಟಿಕ್’ ಎಂದಷ್ಟೇ ಬರೆಯುತ್ತಾರೆ. ಆಯಿಲ್‌ನ ಪೂರ್ತಿ ಹೆಸರು, ‘ಸಿ3’ ಎಂಬುದನ್ನೂ ಸೇರಿಸಿ ಬರೆಸಿಕೊಳ್ಳಿ.

ಇನ್ನೊಂದು ದಾರಿಯಿಂದ ಬೇರೆ ಆಯಿಲ್ ನುಸುಳುತ್ತದೆ: ನಡುವೆ ಹಾಕುವ ಟಾಪ್ ಅಪ್. ಊರಿಗೆ ಹೋಗುವಾಗ ಡಿಪ್‌ಸ್ಟಿಕ್ ಕೆಳಗಿಳಿದದ್ದು ಕಂಡು, ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ ಒಂದು ಲೀಟರ್ ಸುರಿಯುತ್ತೇವೆ. ಐದು ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಶೇ 0.8ರ ನಾಲ್ಕು ಲೀಟರಿಗೆ ಶೇ 1.4ರ ಒಂದು ಲೀಟರ್ ಸೇರಿದರೆ ಒಟ್ಟು 0.92 ಆಗುತ್ತದೆ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಇದು ಸಾವಿರ ಪಾಲು ವಾಸಿ, ಆದರೆ ಅಭ್ಯಾಸವಾಗಬಾರದು. ಅದೇ ಸಿ3 ಆಯಿಲ್‌ನ ಒಂದು ಲೀಟರ್ ಡಬ್ಬಿ ಡಿಕ್ಕಿಯಲ್ಲಿದ್ದರೆ ಈ ತಾಪತ್ರಯವೇ ಇಲ್ಲ.

ಈಗಾಗಲೇ ಬೇರೆ ಆಯಿಲ್ ಹಾಕಿಸಿಬಿಟ್ಟಿದ್ದರೆ

ಒಂದು ಸಲ ಎ3/ಬಿ4 ಹಾಕಿಸಿದ್ದಕ್ಕೆ ಡಿಪಿಎಫ್ ಹಾಳಾಗುವುದಿಲ್ಲ. ಬೂದಿಯಾಗುವುದು ಉರಿದ ಆಯಿಲ್ ಮಾತ್ರ, ಎಂಜಿನ್ನಿನಲ್ಲಿ ನಿಂತಿರುವ ಐದು ಲೀಟರೂ ಅಲ್ಲ. 10,000 ಕಿಲೋಮೀಟರಿಗೆ ಅರ್ಧ ಲೀಟರ್ ಉರಿದರೆ, 1.4 ಮತ್ತು 0.8ರ ನಡುವಿನ ವ್ಯತ್ಯಾಸಕ್ಕೆ ಹೆಚ್ಚಾಗುವ ಬೂದಿ ಸುಮಾರು ಎರಡೂವರೆ ಗ್ರಾಂ. ಅಂದೇ ಆಯಿಲ್ ಬಸಿದು ಚೆಲ್ಲಬೇಕಿಲ್ಲ. ಮುಂದಿನ ಸರ್ವಿಸ್ ಅನ್ನು ಸ್ವಲ್ಪ ಮುಂಚೆ ಮಾಡಿಸಿ, ಫಿಲ್ಟರ್ ಸಮೇತ ಸರಿಯಾದ ಆಯಿಲ್‌ಗೆ ಬದಲಾಯಿಸಿ. ಎಂಜಿನ್ ಆಯಿಲ್ ಕುಡಿಯುವ ಜಾತಿಯದ್ದಾದರೆ ಕಾಯದೆ ಬದಲಿಸಿ. ಗ್ರೇಡ್ ಅಥವಾ ದಪ್ಪವೇ ತಪ್ಪಾಗಿದ್ದರೆ ಅದು ಬೂದಿಗಿಂತ ತುರ್ತಿನ ವಿಷಯ, ಆಗಲೂ ಕಾಯಬೇಡಿ.

ತೊಂದರೆ ಆಗುವುದು ಸರ್ವಿಸ್ ನಂತರ ಸರ್ವಿಸ್ ಅದೇ ತಪ್ಪು ಆಯಿಲ್ ಬಿದ್ದಾಗ. ಬೇಸರದ ಸಂಗತಿಯೆಂದರೆ ಕಾರಿಗೆ ಅದು ಗೊತ್ತಾಗುವುದಿಲ್ಲ. ಎಂಜಿನ್ ಕಂಪ್ಯೂಟರ್ ಬೂದಿಯನ್ನು ನೇರವಾಗಿ ತೂಗುವುದಿಲ್ಲ, ಓಡಿದ ದೂರ ಮತ್ತು ಉರಿದ ಇಂಧನದ ಮೇಲೆ ಅಂದಾಜು ಹಾಕುತ್ತದೆ. ಆ ಅಂದಾಜಿನಲ್ಲಿ ಮ್ಯಾನುಯಲ್ ಹೇಳಿದ ಆಯಿಲ್ಲೇ ಇದೆ ಎಂಬ ನಂಬಿಕೆ ಸೇರಿದೆ. ಪರದೆಯ ಮೇಲೆ 30 ಗ್ರಾಂ ಎಂದು ತೋರುತ್ತಿದ್ದರೂ ಒಳಗೆ 55 ಇರಬಹುದು.

ತುಂಬಿದ್ದು ಮಸಿಯೋ ಬೂದಿಯೋ

ಡಿಪಿಎಫ್ ದೀಪ ಹತ್ತಿದ ಕೂಡಲೇ ಬೂದಿ ಎಂದು ಹೇಳುವಂತಿಲ್ಲ. ಸಿಲ್ಕ್ ಬೋರ್ಡ್, ಹೊರವರ್ತುಲ ರಸ್ತೆ, ಮಾರತ್ತಹಳ್ಳಿ ಎಂದು ತೆವಳುವ ಕಾರಿನಲ್ಲಿ ರೀಜನರೇಶನ್ ಅರ್ಧಕ್ಕೇ ನಿಲ್ಲುತ್ತದೆ, ಆಗ ತುಂಬುವುದು ಮಸಿ. ಅದಕ್ಕೆ ಮ್ಯಾನುಯಲ್ ಹೇಳಿದ ವೇಗದಲ್ಲಿ, ಸಾಮಾನ್ಯವಾಗಿ 60 ಕಿಲೋಮೀಟರ್ ಮೇಲೆ, ಇಪ್ಪತ್ತು ನಿಮಿಷದಷ್ಟು ನಿಲ್ಲದೆ ಓಡಿಸಿದರೆ ಸಾಕು. ನೈಸ್ ರಸ್ತೆ ಇಂಥ ಕೆಲಸಕ್ಕೆ ಚೆನ್ನ.

ಹಾಗೆ ಓಡಿಸಿ ದೀಪ ಆರಿ, ಮತ್ತೆ ಬೇಗ ಹತ್ತುತ್ತಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಎರಡು ವಿಷಯ ನೋಡಿಸಿ. ಒಂದು, ಎರಡು ರೀಜನರೇಶನ್ ನಡುವಿನ ದೂರ. ಒಂದೇ ಥರದ ಓಡಾಟದಲ್ಲಿ ಮೊದಲು 400 ಕಿಲೋಮೀಟರಿಗೆ ಒಮ್ಮೆ ಆಗುತ್ತಿದ್ದದ್ದು ಈಗ 150ಕ್ಕೆ ಇಳಿದಿದ್ದರೆ ಜಾಗ ಕಡಿಮೆಯಾಗಿದೆ ಎಂದರ್ಥ. ಇನ್ನೊಂದು, ಶೋಧಕದ ಹಿಂದು ಮುಂದಿನ ಒತ್ತಡದ ವ್ಯತ್ಯಾಸ. ಪೂರ್ತಿ ರೀಜನರೇಶನ್ ಮುಗಿದ ತಕ್ಷಣ, ಎಂಜಿನ್ ಬಿಸಿಯಿದ್ದಾಗ, ಒಂದೇ ಆರ್‌ಪಿಎಂನಲ್ಲಿ ಅಳೆಯಬೇಕು. ಮಸಿಯೆಲ್ಲ ಉರಿದ ಮೇಲೂ ಒತ್ತಡ ಇಳಿಯದಿದ್ದರೆ ಉಳಿದದ್ದು ಬೂದಿ. ಅದಕ್ಕೂ ಮುನ್ನ ಒತ್ತಡ ಅಳೆಯುವ ಸೆನ್ಸರಿನ ಎರಡು ಸಣ್ಣ ಪೈಪುಗಳನ್ನು ಕೈಯಿಂದ ಮುಟ್ಟಿ ನೋಡಲಿ, ಬಿರುಕಿದ್ದರೆ ಅಂಕಿಯೇ ಸುಳ್ಳು.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಕಥೆಯೇ ಬೇರೆ. ಪೂರ್ತಿಯಾಗದ ರೀಜನರೇಶನ್‌ಗಳ ಡೀಸೆಲ್ ಆಯಿಲ್‌ಗೆ ಇಳಿಯುತ್ತಿದೆ. ಗರಿಷ್ಠ ಗೆರೆ ದಾಟಿದ್ದರೆ, ಸಿ3 ಹಾಕಿ ತಿಂಗಳಾಗಿಲ್ಲ ಎಂದರೂ, ಆಯಿಲ್ ಬದಲಿಸಲೇಬೇಕು.

ಬೂದಿ ಎಂದು ಖಚಿತವಾದರೆ ಡೀಸೆಲ್ ಟ್ಯಾಂಕಿಗೆ ಸುರಿಯುವ ಡಿಪಿಎಫ್ ಕ್ಲೀನರ್‌ಗೆ ಹಣ ಹಾಕಬೇಡಿ. ಅವು ಮಸಿ ಸುಲಭವಾಗಿ ಉರಿಯಲು ಸಹಾಯ ಮಾಡಬಹುದು, ಲೋಹದ ಪುಡಿಯನ್ನು ಏನೂ ಮಾಡಲಾರವು. ಗ್ಯಾರೇಜಿನಲ್ಲಿ ನಿಲ್ಲಿಸಿ ಬಲವಂತದ ರೀಜನರೇಶನ್ ಮಾಡಿಸಿದರೂ ಅಷ್ಟೆ. ಶೋಧಕವನ್ನು ಕಾರಿನಿಂದ ಬಿಚ್ಚಿ, ಹಿಂದಿನಿಂದ ಗಾಳಿ ಹಾಯಿಸಿ ಅಥವಾ ಅದಕ್ಕೆಂದೇ ಇರುವ ಯಂತ್ರದಲ್ಲಿ ತೊಳೆದು ಬೂದಿ ತೆಗೆಯಬೇಕು, ಇಲ್ಲವೇ ಹೊಸದು ಹಾಕಿಸಬೇಕು. ಸ್ವಚ್ಛ ಮಾಡಿಸುವುದಾದರೆ ಮೊದಲು ಮತ್ತು ನಂತರ, ಎರಡೂ ಸಲ ಒಣಗಿದ ಸ್ಥಿತಿಯಲ್ಲಿ ತೂಕ ಹಾಕಿಸಿಕೊಳ್ಳಿ. ತೂಕ ಇಳಿಯದಿದ್ದರೆ ತೊಳೆದದ್ದು ಹೊರಮೈ ಮಾತ್ರ. ಮತ್ತೆ ಜೋಡಿಸಿದ ಮೇಲೆ ಸ್ಕ್ಯಾನರಿನಲ್ಲಿ ಬೂದಿಯ ಲೆಕ್ಕವನ್ನು ಸೊನ್ನೆಗೆ ತರುವಂತೆ ಹೇಳಿ, ಪರದೆಯಲ್ಲಿ ಸೊನ್ನೆ ಕಂಡ ಮೇಲೆ ಬಿಲ್ ಕೊಡಿ. ಅದನ್ನು ಮರೆತರೆ ಖಾಲಿ ಶೋಧಕವನ್ನೂ ಕಾರು ತುಂಬಿದೆಯೆಂದೇ ತಿಳಿದು, ಬೇಡದ ರೀಜನರೇಶನ್ ಮಾಡುತ್ತಾ ಡೀಸೆಲ್ ಸುಡುತ್ತಿರುತ್ತದೆ.